ಮಳೆ ಮುಗೀಲಿ, ನೋಡೋಣ

ಕೊಡಗಿನಲ್ಲಿ ಯಾವ ಕೆಲಸ ಮುಂದೂಡಬೇಕಾದರೂ ಒಂದು ಮಾತು ರೆಡಿ ಇರುತ್ತದೆ. "ಮಳೆ ಮುಗೀಲಿ." ತೋಟದ ಬೇಲಿ, ಮನೆಯ ಸುಣ್ಣ, ಕೊಟ್ಟ ಸಾಲ ವಾಪಸ್ ಕೇಳುವುದು, ಎಲ್ಲಕ್ಕೂ ಅದೇ ಉತ್ತರ. ಹೇಳುವವರಿಗೂ ಕೇಳುವವರಿಗೂ ಅದರ ಅರ್ಥ ಗೊತ್ತು. ಸದ್ಯಕ್ಕೆ ಇಲ್ಲ, ಮತ್ತೆ ಮತ್ತೆ ಕೇಳಬೇಡ, ಅಷ್ಟೇ. ಯಾರಿಗೂ ಬೇಜಾರಿಲ್ಲ.

ಇದೇ ಮಾತನ್ನು ನಾನು ಒಮ್ಮೆ ಕೆಲಸಕ್ಕೆ ಅರ್ಜಿ ಹಾಕಿದ್ದ ಹುಡುಗಿಯೊಬ್ಬಳಿಗೆ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿದೆ. ಅವಳು ಅದನ್ನು ತಾರೀಖು ಅಂತ ಓದಿಕೊಂಡಳು.

ನಾನು ಆಗ ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನಲ್ಲಿ ಜನರನ್ನು ತೆಗೆದುಕೊಳ್ಳುವ ಕೆಲಸ ನೋಡಿಕೊಳ್ಳುತ್ತಿದ್ದೆ. ಎಚ್ಆರ್ ಅಂತ ಬೋರ್ಡ್ ಇತ್ತು. ಆದರೆ ಹಾಜರಿ, ಪಿಎಫ್, ಸಿಬ್ಬಂದಿ ಊಟದ ಜಗಳ, ಎಲ್ಲವೂ ನನ್ನದೇ. ಹೊಸದಾಗಿ ಹತ್ತು ಕಾಟೇಜ್ ಕಟ್ಟುವ ಯೋಜನೆ ಇತ್ತು. ಅದಕ್ಕಾಗಿ ಫ್ರಂಟ್ ಆಫೀಸ್ ಸೂಪರ್‌ವೈಸರ್ ಒಬ್ಬರು ಬೇಕಾಗಿತ್ತು. ಜೂನ್‌ನಲ್ಲಿ ಇಂಟರ್‌ವ್ಯೂ ಮಾಡಿದೆವು. ವಿರಾಜಪೇಟೆ ಕಡೆಯ ಹುಡುಗಿ, ಮೈಸೂರಿನ ಹೋಟೆಲೊಂದರಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದಳು. ಊರ ಹತ್ತಿರ ಬರಬೇಕು ಅನ್ನುವ ಆಸೆ. ಫೋನ್‌ನಲ್ಲಿ ಒಂದು ಸುತ್ತು, ಮ್ಯಾನೇಜರ್ ಜೊತೆ ಎದುರಿಗೆ ಒಂದು ಸುತ್ತು. ಸಂಬಳದ ಮಾತೂ ಆಗಿತ್ತು. ಆಫರ್ ಲೆಟರ್ ಮಾತ್ರ ಕೊಟ್ಟಿರಲಿಲ್ಲ.

ಜುಲೈನಲ್ಲಿ ಕಾಟೇಜ್ ಕೆಲಸ ನಿಂತಿತು. ಬ್ಯಾಂಕಿನಿಂದ ಸಾಲದ ಎರಡನೇ ಕಂತು ಬಂದಿರಲಿಲ್ಲ. ಮಾಲೀಕರು ಮೂರು ಜನ, ಅವರಲ್ಲೂ ಒಮ್ಮತ ಇರಲಿಲ್ಲ. ಮ್ಯಾನೇಜರ್ ನನ್ನನ್ನು ಕರೆದು, "ಆ ಪೋಸ್ಟ್ ಹೋಲ್ಡ್‌ನಲ್ಲಿ ಇಡಿ. ಆದ್ರೆ ಇಲ್ಲ ಅಂತ ಹೇಳ್ಬೇಡಿ. ಆಮೇಲೆ ಬೇಕಾದಾಗ ಎಲ್ಲಿಂದ ಹುಡುಕೋದು?" ಅಂದರು. ನಾನು ಸೀಟಿಗೆ ಬಂದು ಟೈಪ್ ಮಾಡಿದ್ದು ಇದು:

"ನಮಸ್ತೆ. ನಿಮ್ಮ ಪ್ರೊಫೈಲ್ ನಮಗೆ ತುಂಬಾ ಇಷ್ಟವಾಗಿದೆ. ಮಳೆಯಿಂದಾಗಿ ಹೊಸ ಕಾಟೇಜ್‌ಗಳ ಕೆಲಸ ಸ್ವಲ್ಪ ತಡವಾಗಿದೆ. ಮಳೆ ಮುಗಿದ ಮೇಲೆ ಮುಂದಿನ ವಿಷಯ ತಿಳಿಸುತ್ತೇವೆ. ಸಂಪರ್ಕದಲ್ಲಿರಿ."

ಕಳಿಸಿದಾಗ ಸಮಾಧಾನ ಆಯಿತು. ಒಳ್ಳೆಯ ಮಾತು ಹೇಳಿದ್ದೇನೆ, ಯಾರ ಮನಸ್ಸನ್ನೂ ನೋಯಿಸಿಲ್ಲ ಅನ್ನಿಸಿತು.

ಸೆಪ್ಟೆಂಬರ್ ಮೊದಲ ವಾರ ಅವಳ ಫೋನ್ ಬಂತು. "ಸರ್, ರಿಲೀವ್ ಆಗಿ ಊರಿಗೆ ಬಂದಿದ್ದೀನಿ. ಯಾವತ್ತು ಜಾಯಿನ್ ಆಗಲಿ?"

ಅವಳ ಲೆಕ್ಕ ಹೀಗಿತ್ತು. ಇಲ್ಲಿಯವರಿಗೆ ಮಳೆ ಕಡಿಮೆಯಾಗುವುದು ಅಂದರೆ ಗದ್ದೆ ಕೆಲಸ ಮುಗಿದು ಕೈಲ್‌ಪೊಳ್ದ್ ಹಬ್ಬ ಬರುವ ಹೊತ್ತು. ಅದು ಸೆಪ್ಟೆಂಬರ್ ಶುರುವಿಗೆ. ಅವಳ ಹೋಟೆಲಿನಲ್ಲಿ ನೋಟಿಸ್ ಅವಧಿ 30 ದಿನ. ಹಬ್ಬದಿಂದ ಹಿಂದಕ್ಕೆ ಎಣಿಸಿ ಆಗಸ್ಟ್ ಮೊದಲ ವಾರವೇ ರಾಜೀನಾಮೆ ಕೊಟ್ಟಿದ್ದಳು. ಈ ನಡುವೆ ಬೆಂಗಳೂರಿನ ಒಂದು ಹೋಟೆಲಿನವರು ಎರಡನೇ ಸುತ್ತಿಗೆ ಕರೆದಿದ್ದರಂತೆ. ಹೋಗಿರಲಿಲ್ಲ. ಕೆಲಸ ಇಲ್ಲೇ ಆಯಿತಲ್ಲ ಅಂತ.

ನಾನು ಫೋನ್ ಇಟ್ಟು ನನ್ನದೇ ಮೆಸೇಜ್ ಮತ್ತೆ ಓದಿದೆ. ಇಷ್ಟವಾಗಿದೆ ಅಂದರೆ ಆಯ್ಕೆಯಾಗಿದ್ದೀರಿ. ಸ್ವಲ್ಪ ತಡ ಅಂದರೆ ಆಗೋದಂತೂ ಖಂಡಿತ. ಮುಂದಿನ ವಿಷಯ ಅಂದರೆ ಜಾಯಿನಿಂಗ್ ತಾರೀಖು. ಸಂಪರ್ಕದಲ್ಲಿರಿ ಅಂದರೆ ಬೇರೆ ಕಡೆ ಹೋಗಬೇಡಿ. ಅವಳು ಓದಿದ್ದರಲ್ಲಿ ತಪ್ಪಿರಲಿಲ್ಲ. ನಾನು ಬರೆದಿದ್ದನ್ನೇ ಓದಿದ್ದಳು.

ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ಆ ಒಂದೇ ಮಾತಿನಲ್ಲಿ ಮೂರು ತಾರೀಖು ಇದ್ದವು. ಅವಳಿಗೆ ಮಳೆ ಮುಗಿಯುವುದು ಅಂದರೆ ಕೈಲ್‌ಪೊಳ್ದ್. ಮ್ಯಾನೇಜರ್‌ಗೆ ದಸರಾ, ಯಾಕಂದ್ರೆ ಆಗ ರೂಮು ತುಂಬುತ್ತವೆ. ಮಾಲೀಕರಿಗೆ ಕಟ್ಟಡದ ಕೆಲಸ ಮತ್ತೆ ಶುರುವಾಗುವ ಡಿಸೆಂಬರ್, ಅದೂ ದುಡ್ಡು ಬಂದರೆ. ನಿಜ ಹೇಳಬೇಕೆಂದರೆ ಕಾರಣ ಮಳೆಯೇ ಆಗಿರಲಿಲ್ಲ. ದುಡ್ಡಿನ ಮಾತು ಹೇಳೋಕೆ ಮುಜುಗರ, ಹಾಗಾಗಿ ಮಳೆಯ ಮೇಲೆ ಹಾಕಿದೆ.

ಮೈಸೂರಿನ ಹೋಟೆಲಿನವರು ಅಷ್ಟರಲ್ಲಿ ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದರು. ಅವಳಿಗೆ ಮತ್ತೆ ಕೆಲಸ ಸಿಕ್ಕಿದ್ದು ಡಿಸೆಂಬರ್‌ನಲ್ಲಿ, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಇದನ್ನು ನನಗೆ ಹೇಳಿದ್ದು ಅವಳ ಮಾವ, ಗೋಣಿಕೊಪ್ಪದ ಒಂದು ಮದುವೆಯಲ್ಲಿ. ಬೈಯಲಿಲ್ಲ. "ಇಲ್ಲ ಅಂದಿದ್ರೆ ಅವಳು ಅಲ್ಲೇ ಇರ್ತಿದ್ಲಲ್ಲ" ಅಂದರು, ಅಷ್ಟೇ. ಊಟ ಗಂಟಲಲ್ಲಿ ಇಳಿಯಲಿಲ್ಲ.

ಅಲ್ಲಿಂದ ಈಚೆಗೆ ಹೋಲ್ಡ್ ಅನ್ನುವ ಪದ ಕಿವಿಗೆ ಬಿದ್ದ ಕೂಡಲೇ ಅಭ್ಯರ್ಥಿಗೆ ಫೋನ್ ಮಾಡುವುದಿಲ್ಲ. ಮೊದಲು ಮ್ಯಾನೇಜರ್ ರೂಮಿಗೆ ಹೋಗಿ ಕೂರುತ್ತೇನೆ. ಹೋಲ್ಡ್ ಅಂದರೆ ಒಂದೇ ಥರ ಇರುವುದಿಲ್ಲ. ಕೆಲವು ಸಲ ಎಲ್ಲ ಒಪ್ಪಿಯಾಗಿದೆ, ಒಂದು ಸಹಿ ಬಾಕಿ, ಸಹಿ ಹಾಕುವವರು ಊರಲ್ಲಿಲ್ಲ, ಸೋಮವಾರ ಬರುತ್ತಾರೆ. ಅದು ಹೋಲ್ಡ್ ಅಲ್ಲ, ತಡ. ಕೆಲವು ಸಲ ನಮ್ಮ ಕೈಯಲ್ಲಿಲ್ಲದ ಏನೋ ಒಂದು ಆಗಬೇಕು. ಸಾಲ ಬರಬೇಕು, ಪರವಾನಗಿ ಬರಬೇಕು. ಅದು ನಿಜವಾದ ಹೋಲ್ಡ್. ಇನ್ನು ಕೆಲವು ಸಲ ಪೋಸ್ಟ್ ಸತ್ತೇ ಹೋಗಿರುತ್ತದೆ, ಹಾಗಂತ ಹೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ನನ್ನ ಅನುಭವದಲ್ಲಿ ಈ ಮೂರನೆಯದೇ ಜಾಸ್ತಿ.

ಇದು ಯಾವುದು ಅಂತ ತಿಳಿಯಲು ನಾನು ಮೂರು ಮಾತು ಕೇಳುತ್ತೇನೆ. ಯಾರು ಹೂಂ ಅಂದರೆ ಈ ಪೋಸ್ಟ್ ಮತ್ತೆ ತೆರೆಯುತ್ತದೆ? ಅವರು ಇದನ್ನು ಮತ್ತೆ ಯಾವತ್ತು ನೋಡುತ್ತಾರೆ? ತೆರೆದರೆ ಇದೇ ವ್ಯಕ್ತಿಗೆ ಕೊಡುತ್ತೀರಾ, ಇಲ್ಲಾ ಮತ್ತೆ ಇಂಟರ್‌ವ್ಯೂ ಮಾಡುತ್ತೀರಾ? ಮೂರನೇ ಪ್ರಶ್ನೆಗೆ ಮ್ಯಾನೇಜರ್ ಕಣ್ಣು ತಪ್ಪಿಸಿದರೆ ವಿಷಯ ಗೊತ್ತಾಯಿತು ಅಂತಲೇ. ಎರಡನೆಯದಕ್ಕೆ "ನೋಡೋಣ" ಅಂದರೆ ತಾರೀಖು ಇಲ್ಲ. ತಾರೀಖು ಇಲ್ಲದ ಹೋಲ್ಡನ್ನು ನಾನು ಅಭ್ಯರ್ಥಿಯ ಪಾಲಿಗೆ ಇಲ್ಲ ಅಂತಲೇ ಲೆಕ್ಕ ಹಾಕುತ್ತೇನೆ.

ಒಂದು ಪ್ರಸಂಗ ಪೂರ್ತಿಯಾಗಿಯೇ ಹೇಳುತ್ತೇನೆ.

ಕೆಲವು ವರ್ಷಗಳ ನಂತರ, ಬೇರೆ ರೆಸಾರ್ಟ್. ಮೇಂಟೆನೆನ್ಸ್ ಸೂಪರ್‌ವೈಸರ್ ಬೇಕಿತ್ತು. ಜನರೇಟರ್, ಪಂಪ್, ಬಾಯ್ಲರ್, ಕೊಳಚೆ ನೀರು ಶುದ್ಧ ಮಾಡುವ ಘಟಕ, ಎಲ್ಲ ತಿಳಿದವರು. ಇಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಎರಡು ಮೂರು ದಿನ ಬರದೇ ಇರುವುದೂ ಉಂಟು, ಆದ್ದರಿಂದ ಈ ಕೆಲಸ ಸುಮ್ನೆ ಅಲ್ಲ. ಸಕಲೇಶಪುರ ಕಡೆಯಿಂದ ಒಬ್ಬರು ಬಂದರು. ಸುಮಾರು 35 ವಯಸ್ಸು, ಇಬ್ಬರು ಮಕ್ಕಳು. ಮಾರ್ಚ್ ಕೊನೆಗೆ ಇಂಟರ್‌ವ್ಯೂ ಮುಗಿಯಿತು. ನಮಗೆ ಅವರೇ ಸರಿ ಅನ್ನಿಸಿತ್ತು. ಏಪ್ರಿಲ್ ಎರಡನೇ ವಾರ ಮೇಲಿನಿಂದ ಸುದ್ದಿ ಬಂತು. ಬೇಸಿಗೆ ಸೀಸನ್ನಿನ ಲೆಕ್ಕ ನೋಡುವವರೆಗೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ.

ನನ್ನ ಮೂರು ಪ್ರಶ್ನೆ ಕೇಳಿದೆ. ತೀರ್ಮಾನ ಮಾಲೀಕರದ್ದು. ಮೇ ಕೊನೆಯ ವಾರ ಮೀಟಿಂಗ್. ಅಲ್ಲೂ ಈ ಪೋಸ್ಟ್ ಚರ್ಚೆಗೆ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ತೆರೆದರೆ ಅವರಿಗೇ ಕೊಡುತ್ತೇವೆ, ಮತ್ತೆ ಇಂಟರ್‌ವ್ಯೂ ಬೇಡ. ಮ್ಯಾನೇಜರ್ ಎಂದಿನಂತೆ, "ಈಗ್ಲೇ ಹೇಳ್ಬೇಡಿ, ಒಳ್ಳೆ ಮನುಷ್ಯ, ಕೈ ತಪ್ಪಿ ಹೋಗ್ತಾನೆ" ಅಂದರು. ಅವರೇನು ಕೆಟ್ಟವರಲ್ಲ. ಮಳೆಗಾಲದಲ್ಲಿ ಪಂಪ್ ಕೆಟ್ಟರೆ ರಾತ್ರಿ ಎದ್ದು ಓಡುವವರು ಅವರೇ. "ಕೈ ತಪ್ಪಿ ಹೋಗಬಾರದು ಅಂದ್ರೆ ಆಫರ್ ಕೊಡೋಣ ಸರ್. ಕೊಡೋಕೆ ಆಗಲ್ಲ ಅಂದ್ರೆ ಅವರು ನಮ್ಮ ಕೈಯಲ್ಲಿ ಇಲ್ಲವೇ ಇಲ್ಲ" ಅಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ. ಆಮೇಲೆ ಒಂದು ದಿನ ಮಾತು ಬಿಟ್ಟಿದ್ದರು.

ಅದೇ ಸಂಜೆ ಫೋನ್ ಮಾಡಿದೆ. ಮೊದಲು ಫೋನ್, ಆಮೇಲೆ ಬರಹ. ಬರೀ ಮೆಸೇಜ್ ಹಾಕಿದರೆ ಅವರಿಗೆ ಪ್ರಶ್ನೆ ಕೇಳುವ ಅವಕಾಶ ಇರುವುದಿಲ್ಲ. ಬರೀ ಫೋನ್ ಮಾಡಿದರೆ ಆಸೆಗೆ ಬೇಕಾದ್ದು ಮಾತ್ರ ನೆನಪಲ್ಲಿ ಉಳಿಯುತ್ತದೆ. ಮನೆಯಲ್ಲಿ ಹೆಂಡತಿ, ಅಪ್ಪ ಕೇಳಿದಾಗ ತೋರಿಸಲು ಏನಾದರೂ ಕೈಯಲ್ಲಿ ಇರಬೇಕು.

ಮೊದಲ ವಾಕ್ಯದಲ್ಲೇ ವಿಷಯ ಹೇಳಿದೆ. "ಆ ಪೋಸ್ಟ್ ಇವತ್ತು ನಿಲ್ಲಿಸಿದ್ದಾರೆ. ಈಗ ನಾವು ಯಾರನ್ನೂ ತೆಗೆದುಕೊಳ್ಳುತ್ತಿಲ್ಲ." ಹೊಗಳಿಕೆಯಿಂದ ಶುರು ಮಾಡಲಿಲ್ಲ. ಮೊದಲು ಹೊಗಳಿದರೆ ಮುಂದೆ ಬರುವುದು ಕೆಲಸದ ಸುದ್ದಿಯೇ ಅಂತ ಅಂದುಕೊಳ್ಳುತ್ತಾರೆ. ಅದನ್ನು ಕಿತ್ತುಕೊಳ್ಳುವುದು ಇನ್ನೂ ಕಷ್ಟ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದರು. "ಅಂದಾಜು ಎಷ್ಟು ದಿನ ಆಗ್ಬಹುದು ಸರ್?"

ಈ ಪ್ರಶ್ನೆ ಬಹಳ ನಯವಾದ ಬಲೆ. ಎದುರಿಗಿರುವವರು ಬೇಡಿಕೊಳ್ಳುವಾಗ ಒಂದು ಅಂದಾಜು ಕೊಟ್ಟುಬಿಡೋಣ ಅನ್ನಿಸುತ್ತದೆ. ಒಂದೆರಡು ತಿಂಗಳು ಅಂತ ಬಾಯಿಗೆ ಬಂದೇ ಬಿಡುತ್ತದೆ. ನಾವು ಅಂದಾಜು ಅಂತ ಹೇಳಿದ್ದು ಅವರ ಮನೆಗೆ ಹೋಗುವಷ್ಟರಲ್ಲಿ ತಾರೀಖಾಗಿರುತ್ತದೆ. ನಾನು, "ಅಂದಾಜು ಹೇಳಲ್ಲ, ನನಗೆ ಗೊತ್ತಿಲ್ಲ. ಗೊತ್ತಿರೋದು ಒಂದೇ. ಮೇ ಕೊನೆಗೆ ಮಾಲೀಕರ ಮೀಟಿಂಗ್ ಇದೆ. ಅಲ್ಲಿ ಇದು ಬರಬಹುದು, ಬರದೇ ಇರಬಹುದು" ಅಂದೆ.

"ನಾನು ಸೆಲೆಕ್ಟ್ ಆಗಿದ್ದೆನಾ?"

ಇಲ್ಲಿ ನನಗೆ ಈಗಲೂ ಪೂರ್ತಿ ಖಚಿತ ಇಲ್ಲ. ಕೇಳಿದರೆ ಸುಳ್ಳು ಹೇಳಬಾರದು ಅಂತ ನನ್ನ ಅಭಿಪ್ರಾಯ. ಆದರೆ ಆ ಉತ್ತರವನ್ನು ಬರೀ ಹಾಗೇ ಬಿಡಬಾರದು. "ಹೌದು, ನಿಮ್ಮನ್ನೇ ತೆಗೆದುಕೊಳ್ಳಬೇಕು ಅಂತಿದ್ದೆವು. ಆದರೆ ಈಗ ಕೊಡೋಕೆ ಕೆಲಸ ಇಲ್ಲ. ಹಾಗಾಗಿ ಆ ಆಯ್ಕೆಗೆ ಈಗ ಬೆಲೆ ಇಲ್ಲ" ಅಂದೆ. ಕೇಳದಿದ್ದರೆ ನಾನಾಗಿ ಹೇಳುವುದಿಲ್ಲ. ಕೊನೆಯ ಸುತ್ತಿನಲ್ಲಿ ಇಬ್ಬರಿದ್ದರೆ ಇಬ್ಬರಿಗೂ ಒಂದೇ ಮಾತು.

ಆಮೇಲೆ ನಾನೇ ಒಂದು ಪ್ರಶ್ನೆ ಕೇಳಿದೆ. ವಿರಾಜಪೇಟೆಯ ಹುಡುಗಿಗೆ ಇದನ್ನು ಕೇಳಿದ್ದಿದ್ದರೆ ಅಷ್ಟೆಲ್ಲ ಆಗುತ್ತಲೇ ಇರಲಿಲ್ಲ. "ನಮ್ಮ ಉತ್ತರಕ್ಕೆ ಕಾದು ನೀವು ಯಾವ ತೀರ್ಮಾನ ತಡೆದು ಇಟ್ಟಿದ್ದೀರಿ?"

ಅವರು ಮಕ್ಕಳ ಸ್ಕೂಲ್ ಅಂದರು. ಮಡಿಕೇರಿಗೆ ಬರುವುದಾದರೆ ಇಲ್ಲಿ ಸೇರಿಸಬೇಕು, ಶಾಲೆ ಶುರುವಾಗುವ ಮೊದಲು ಸೀಟು, ಫೀಸು ಎಲ್ಲ ಆಗಬೇಕು. ಅಲ್ಲಿನ ಸ್ಕೂಲಿನವರು ಮೇ 10ರೊಳಗೆ ಫೀಸ್ ಕಟ್ಟಿ ಅಂದಿದ್ದರು. ಬಾಡಿಗೆ ಮನೆಗೆ ಮುಂಗಡ ಕೊಡುವ ಮಾತೂ ನಡೆದಿತ್ತು.

ಇದು ಗೊತ್ತಾದ ಮೇಲೆ ಉತ್ತರ ಸುಲಭವಾಯಿತು. ನಮ್ಮ ಮೀಟಿಂಗ್ ಮೇ ಕೊನೆಗೆ, ಅವರ ಫೀಸು ಮೇ 10ಕ್ಕೆ. ನಮ್ಮಲ್ಲಿ ಹೂಂ ಅಂದರೂ ಅದು ಅವರಿಗೆ ತಡವಾಗಿ ಬರುತ್ತದೆ. "ಹಾಗಾದ್ರೆ ಇದನ್ನ ಇಲ್ಲ ಅಂತಲೇ ಇಟ್ಟುಕೊಳ್ಳಿ. ಅಲ್ಲಿ ಫೀಸ್ ಕಟ್ಟಿ. ಮುಂಗಡ ಕೊಡ್ಬೇಡಿ. ರಾಜೀನಾಮೆ ಅಂತೂ ಕೊಡಲೇಬೇಡಿ. ಬೇರೆ ಕಡೆ ಕರೆದ್ರೆ ಹೋಗಿ, ನನ್ನನ್ನ ಕೇಳೋ ಅಗತ್ಯ ಇಲ್ಲ" ಅಂದೆ. ರಾಜೀನಾಮೆಯ ಮಾತನ್ನು ಬಾಯಿ ಬಿಟ್ಟೇ ಹೇಳಬೇಕು. ಅದು ಅವರಿಗೆ ಗೊತ್ತಿರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅವರು ಆಗಲೇ ಕೊಟ್ಟಿದ್ದರೆ ಆ ಫೋನ್‌ನಲ್ಲೇ ಅದೂ ಹೊರಗೆ ಬರುತ್ತದೆ. ನೋಟಿಸ್ ಅವಧಿ ನಡೆಯುತ್ತಿದ್ದರೆ ಅವತ್ತೇ ಹೋಗಿ ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಕೇಳಬಹುದು. ಅಲ್ಲಿನವರು ಒಪ್ಪಿದರೆ ಉಳಿದುಕೊಳ್ಳುತ್ತಾರೆ. ಒಂದು ವಾರ ತಡವಾದರೆ ಆ ಜಾಗಕ್ಕೆ ಯಾರೋ ಬಂದಿರುತ್ತಾರೆ.

ಫೋನ್ ಇಟ್ಟ ಅರ್ಧ ಗಂಟೆಯೊಳಗೆ ಇದನ್ನು ಕಳಿಸಿದೆ:

"ನಮಸ್ತೆ. ಮೇಂಟೆನೆನ್ಸ್ ಸೂಪರ್‌ವೈಸರ್ ಪೋಸ್ಟ್ ಇವತ್ತಿನಿಂದ ನಿಲ್ಲಿಸಲಾಗಿದೆ. ಹೊಸ ನೇಮಕಾತಿಯನ್ನು ಮಾಲೀಕರು ತಡೆದಿದ್ದಾರೆ, ಅದೇ ಕಾರಣ. ಮತ್ತೆ ಯಾವಾಗ ತೆರೆಯುತ್ತದೆ ಅನ್ನುವುದು ತೀರ್ಮಾನವಾಗಿಲ್ಲ. ನಿಮಗೆ ಆಫರ್ ಕೊಟ್ಟಿಲ್ಲ, ಕೊಡುತ್ತೇವೆ ಅನ್ನುವ ಭರವಸೆಯೂ ಇಲ್ಲ. ಈಗಿನ ಕೆಲಸ ಬಿಡಬೇಡಿ. ಬೇರೆ ಅವಕಾಶ ಬಂದರೆ ಒಪ್ಪಿಕೊಳ್ಳಿ. ಜೂನ್ 1ರಂದು ನಾನೇ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ತೆರೆಯದಿದ್ದರೆ ನಿಮ್ಮ ಅರ್ಜಿಯನ್ನು ಅವತ್ತೇ ಮುಗಿಸುತ್ತೇನೆ. ಅಲ್ಲಿಯವರೆಗೆ ನೀವು ಫೋನ್ ಮಾಡಿ ಕೇಳುವ ಅಗತ್ಯವಿಲ್ಲ."

ಒರಟಾಗಿದೆ ಅಂತ ನಮ್ಮ ಆಫೀಸಿನ ಹುಡುಗಿ ಅಂದಳು. ಇರಬಹುದು. ಅದರಲ್ಲಿ ಕ್ಷಮಿಸಿ ಅಂತ ಒಂದು ಪದ ಹಾಕಬಹುದಿತ್ತು, ಈಗ ಹಾಕುತ್ತೇನೆ. ಆದರೆ ಯಾವ ವಾಕ್ಯಕ್ಕೂ ಎರಡು ಅರ್ಥ ಇರಲಿಲ್ಲ. "ಸಂಪರ್ಕದಲ್ಲಿರಿ" ಕೂಡ ಇರಲಿಲ್ಲ. "ನಿಮ್ಮ ಬಯೋಡೇಟಾ ನಮ್ಮಲ್ಲಿ ಇಟ್ಟುಕೊಂಡಿರುತ್ತೇವೆ" ಅನ್ನುವುದೂ ಇರಲಿಲ್ಲ. ಆ ಫೈಲನ್ನು ಯಾರು ಯಾವತ್ತು ತೆರೆದು ನೋಡಿದ್ದಾರೆ ಹೇಳಿ?

ಮಾರನೇ ದಿನ ಅವರ ಪರವಾಗಿ ಫೋನ್ ಬಂತು. ಸೋಮವಾರಪೇಟೆಯ ಕಾಫಿ ಬೆಳೆಗಾರರೊಬ್ಬರು, ಅವರೇ ಇವರನ್ನು ಕಳಿಸಿದವರು. "ನಮ್ಮ ಹುಡುಗನದ್ದು ಏನಾಯ್ತು?" ಇದು ಕೊಡಗಿನಲ್ಲಿ ತಪ್ಪಿದ್ದಲ್ಲ. ಅರ್ಜಿಯ ಹಿಂದೆ ಒಬ್ಬ ಮಾವನೋ, ದೊಡ್ಡಪ್ಪನೋ, ತೋಟದ ಧಣಿಯೋ ಇದ್ದೇ ಇರುತ್ತಾರೆ. ನಾನು ಅವರಿಗೂ ಅದೇ ಹೇಳಿದೆ, ಆದರೆ ಅಭ್ಯರ್ಥಿಗೆ ಹೇಳಿದ ಮೇಲೆ. ಮೊದಲು ಇವರಿಗೆ ಹೇಳಿದರೆ ಸುದ್ದಿ ದಾರಿಯಲ್ಲಿ ಸಿಹಿಯಾಗುತ್ತದೆ. "ನಾನು ಮಾತಾಡಿದ್ದೀನಿ, ಆಗುತ್ತೆ ಬಿಡು" ಅಂತ ಪ್ರೀತಿಯಿಂದಲೇ ಹೇಳಿಬಿಡುತ್ತಾರೆ.

ಜೂನ್ 1ರಂದು ಫೋನ್ ಮಾಡಿದೆ. ಮೀಟಿಂಗ್‌ನಲ್ಲಿ ಈ ಪೋಸ್ಟ್ ಮಾತೇ ಬಂದಿರಲಿಲ್ಲ. ಹೊಸ ಸುದ್ದಿ ಇಲ್ಲದಿದ್ದಾಗ ಫೋನ್ ಮಾಡುವುದೇ ಕಷ್ಟ. ಹೇಳಲು ಏನೂ ಇಲ್ಲವಲ್ಲ, ನಾಳೆ ಮಾಡೋಣ ಅನ್ನಿಸುತ್ತದೆ. ಆ ನಾಳೆಯಲ್ಲೇ ಅವರು ಮತ್ತೆ ಲೆಕ್ಕ ಹಾಕಲು ಶುರು ಮಾಡುತ್ತಾರೆ, ಏನೋ ನಡೀತಿದೆ, ಅದಕ್ಕೇ ತಡ ಅಂತ. ಎರಡು ನಿಮಿಷದ ಮಾತು. ಅರ್ಜಿ ಮುಗಿಸಿದ್ದೇನೆ, ಮುಂದೆ ಎಂದಾದರೂ ತೆರೆದರೆ ಹೊಸದಾಗಿ ಕರೆಯುತ್ತೇನೆ, ಅದಕ್ಕಾಗಿ ಕಾಯಬೇಡಿ ಅಂದೆ. ಅವರು, "ಮಕ್ಕಳನ್ನ ಇಲ್ಲೇ ಸೇರಿಸಿದೆ ಸರ್" ಅಂದರು.

ನವೆಂಬರ್‌ನಲ್ಲಿ ಆ ಪೋಸ್ಟ್ ತೆರೆಯಿತು. ಕರೆದೆ. ಅವರು ಅಷ್ಟರಲ್ಲಿ ಹಾಸನದಲ್ಲಿ ಒಳ್ಳೆಯ ಕೆಲಸಕ್ಕೆ ಸೇರಿದ್ದರು. ಮ್ಯಾನೇಜರ್ ನನ್ನ ಕಡೆ ನೋಡಿದ ನೋಟ ಇವತ್ತಿಗೂ ನೆನಪಿದೆ. ನಮಗೆ ಬೇರೆಯವರು ಸಿಗಲು ಐದು ವಾರ ಬೇಕಾಯಿತು, ಅವರಷ್ಟು ಗಟ್ಟಿ ಆಳೂ ಅಲ್ಲ. ನಿಜ ಹೇಳಿದರೆ ಸಂಸ್ಥೆಗೆ ನಷ್ಟವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆಯಿತು. ಆ ನಷ್ಟ ನಮ್ಮದು, ಹೋಲ್ಡ್ ಮಾಡಿದ್ದು ನಾವು. ಅದನ್ನು ಸಕಲೇಶಪುರದ ಒಂದು ಮನೆಯವರು ಯಾಕೆ ಹೊರಬೇಕು?

ಇಷ್ಟೆಲ್ಲ ಆಫರ್ ಲೆಟರ್ ಕೊಡುವ ಮೊದಲಿನ ಮಾತು. ಲೆಟರ್ ಕೊಟ್ಟ ಮೇಲೆ ಹೋಲ್ಡ್ ಅನ್ನುವ ಪದವನ್ನೇ ಬಳಸಬಾರದು. ಆಗ ಅವರು ನಮ್ಮ ಕಾಗದ ನಂಬಿ ಕೆಲಸ ಬಿಟ್ಟಿರುತ್ತಾರೆ. ಅಲ್ಲಿ ಫೋನ್ ಮಾಡಬೇಕಾದವರು ನನ್ನಂಥವರಲ್ಲ, ಲೆಟರ್‌ಗೆ ಸಹಿ ಹಾಕಿದವರು. ಪರಿಹಾರದ ಮಾತೂ ಅವರೇ ಆಡಬೇಕು.

ಕಾರಣ ಕಣ್ಣಿಗೆ ಕಾಣುವಾಗ ಎಲ್ಲ ಸುಲಭ ಅಂತ ಒಂದು ಕಾಲಕ್ಕೆ ಅಂದುಕೊಂಡಿದ್ದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು, ಜೋಡುಪಾಲದ ಹತ್ತಿರ ಸಂಪಾಜೆ ರಸ್ತೆಯೇ ಹೋದಾಗ, ನೇಮಕಾತಿ ಯಾಕೆ ನಿಂತಿತು ಅಂತ ಯಾರಿಗೂ ವಿವರಣೆ ಬೇಕಿರಲಿಲ್ಲ. ಟಿವಿಯಲ್ಲೇ ಬರುತ್ತಿತ್ತು. ಆದರೂ ಸೆಪ್ಟೆಂಬರ್‌ನಲ್ಲಿ ಫೋನ್‌ಗಳು ಬಂದವು. ರಸ್ತೆ ಸರಿ ಆಯ್ತಲ್ಲ ಸರ್, ಯಾವಾಗ ಬರಲಿ ಅಂತ. ಕಾರಣ ಗೊತ್ತಿದ್ದವರು ಆ ಕಾರಣ ಹೋದ ಕೂಡಲೇ ಕೆಲಸ ಬರುತ್ತದೆ ಅಂದುಕೊಳ್ಳುತ್ತಾರೆ. ರಸ್ತೆ ಸರಿಯಾದರೂ ಪ್ರವಾಸಿಗಳು ಬರಬೇಕಲ್ಲ. ಅದನ್ನು ನಾವು ಯಾರೂ ಹೇಳಿರಲಿಲ್ಲ.

ಮರೆತುಹೋಗುವ ಇನ್ನೊಂದು ಕೆಲಸ ಇದೆ. ಜಾಹೀರಾತು ತೆಗೆಯುವುದು. ಹೋಲ್ಡ್ ಆದ ದಿನವೇ ಜಾಬ್ ಸೈಟ್‌ನಲ್ಲಿ ನಿಲ್ಲಿಸುತ್ತೇನೆ, ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಈ ಪೋಸ್ಟ್ ಈಗ ಇಲ್ಲ ಅಂತ ಹಾಕುತ್ತೇನೆ. ಇಲ್ಲದಿದ್ದರೆ ನಾವು ಇಲ್ಲ ಅಂದವರು ಅದೇ ಜಾಹೀರಾತು ಮತ್ತೆ ನೋಡಿ, ಓ, ನನಗೆ ಮಾತ್ರ ಇಲ್ಲ ಅಂದಿದ್ದಾರೆ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಅಂಗಡಿ ಗೋಡೆಗೆ ಕಾಗದ ಅಂಟಿಸುವುದೂ ಇದೆ. ಅವುಗಳನ್ನು ಕೀಳಲು ಯಾರೂ ಹೋಗುವುದಿಲ್ಲ.

ಕಳೆದ ಸಲ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಪೋಸ್ಟ್ ನಿಂತಾಗ ಸುಂಟಿಕೊಪ್ಪದ ಬೇಕರಿಗೆ ನಾನೇ ಹೋದೆ. ಜೂನ್ ಮಳೆಗೆ ಕಾಗದ ನೆನೆದು ಅರ್ಧ ಜೋತಾಡುತ್ತಿತ್ತು. ಫೋನ್ ನಂಬರ್ ಮಾತ್ರ ಗಟ್ಟಿಯಾಗಿ ಅಂಟಿಕೊಂಡಿತ್ತು. ಉಗುರಿನಲ್ಲಿ ಕೆರೆದು ತೆಗೆದೆ.

ಅಂಗಡಿಯವರು ಟೀ ಕೊಡುತ್ತಾ, "ಜನ ಸಿಕ್ಕಿದ್ರಾ?" ಅಂದರು.

"ಇಲ್ಲ, ಕೆಲ್ಸಾನೇ ಇಲ್ಲ ಈಗ."

"ಮಳೆ ಮುಗಿದ್ಮೇಲೆ ಮತ್ತೆ ಹಾಕ್ತೀರಾ? ನಮ್ಮ ತಮ್ಮನ ಹೆಂಡ್ತಿ ಕೇಳ್ತಾ ಇದ್ಲು."

"ಇಲ್ಲಣ್ಣ. ಅವರಿಗೆ ಬೇರೆ ಕಡೆ ನೋಡೋಕೆ ಹೇಳಿ" ಅಂದೆ.